ಕೈಗೆ ಸಿಗದ ಮೆಣಸಿನಕಾಯಿ

ಬ್ಯಾಡಗಿಯ ಎಪಿಎಂಸಿ ಪ್ರಾಂಗಣದಲ್ಲಿ ಸೋಮವಾರವೋ ಗುರುವಾರವೋ ನಿಂತು ನೋಡಿದವರಿಗೆ ಗೊತ್ತು, ಪಳಗಿದ ಖರೀದಿದಾರ ಚೀಲದ ಬಾಯಲ್ಲಿ ಕಾಣುವ ಕಾಯಿಯನ್ನು ನಂಬುವುದಿಲ್ಲ. ಕೈ ಇಳಿಸಿ ಒಳಗಿನಿಂದ ಒಂದು ಹಿಡಿ ಎಳೆಯುತ್ತಾನೆ. ಒಂದನ್ನು ಬಾಗಿಸಿ ನೋಡುತ್ತಾನೆ, ಅಲ್ಲಾಡಿಸುತ್ತಾನೆ, ಮುರಿದು ಮೂಸುತ್ತಾನೆ. ಆ ಲಾಟಿಗೆ ಟೆಂಡರ್ ಹಾಕುವುದು ಆಮೇಲೆ. ಫೋನಿನ ಲೈವ್ ನೋಡಿ ಕೊಳ್ಳುವವನಿಗೆ ಆ ಕೈ ಇಲ್ಲ, ಮಾರುವವರ ಕೈಯನ್ನೇ ಎರವಲು ಪಡೆಯಬೇಕು. ನಾವು ಕೇಳಿದ್ದನ್ನು ಆ ಕೈ ಮಾಡಿ ತೋರಿಸಿತೇ ಎಂಬುದರ ಮೇಲೆಯೇ ನಾನು ಒಂದು ಲೈವ್‌ನ ಯೋಗ್ಯತೆ ಅಳೆಯುತ್ತೇನೆ.

ಬ್ಯಾಡಗಿಯ ಅಕ್ಕ ಒಬ್ಬರು ರಾತ್ರಿ ಎಂಟಕ್ಕೆ ಮನೆಯ ಪಡಸಾಲೆಯಿಂದಲೇ ಮೆಣಸಿನಕಾಯಿ, ಖಾರಪುಡಿ, ಮಸಾಲಿ ಖಾರದ ಲೈವ್ ಮಾಡುತ್ತಾರೆ. ಹಾವೇರಿಯಲ್ಲಿ ಊಟ ಮಾಡುತ್ತ ಅದನ್ನು ನೋಡುವುದು ನನಗೆ ರೂಢಿಯಾಗಿದೆ. ಮುಕ್ಕಾಲು ತಾಸಿನ ಒಂದು ಲೈವ್‌ನ ಮಾತು ಹೇಳುತ್ತೇನೆ. ಮೊದಲು ಬಂದದ್ದು ಡಬ್ಬಿ ಕಾಯಿ: ಗಿಡ್ಡ, ಉಬ್ಬಿದ ಹೊಟ್ಟೆ, ಬಣ್ಣ ಹೆಚ್ಚು, ಖಾರ ಕಡಿಮೆ, ಬೆಲೆಯಲ್ಲೂ ಮೇಲು. ಆಮೇಲೆ ಉದ್ದಕ್ಕೆ ಸುಕ್ಕುಗಟ್ಟಿದ ಕಡ್ಡಿ ಕಾಯಿ, ಕೊನೆಗೆ ಪುಡಿಗಳು. ಅಂಗಡಿಯ ಕಪಾಟಿನಲ್ಲಾದರೆ ಈ ಸಾಲು ಸರಿಯೇ. ಲೈವ್‌ನಲ್ಲಿ ಮೊದಲ ಹತ್ತು ನಿಮಿಷ ಜನ ಇನ್ನೂ ಬರುತ್ತಿರುತ್ತಾರೆ. ಅವರ ಅತ್ಯುತ್ತಮ ಮಾಲು ಅರ್ಧ ತುಂಬಿದ ಪಡಸಾಲೆಗೆ ಬಂದು ಹೋಯಿತು. ತಡವಾಗಿ ಬಂದವರು ಕಡ್ಡಿಯನ್ನೇ ಡಬ್ಬಿ ಎಂದುಕೊಂಡು ರೇಟು ಕೇಳತೊಡಗಿದರು. ಡಬ್ಬಿ ನೋಡಿದ್ದವರ ಕಣ್ಣಿಗೆ ಕಡ್ಡಿ ಬಡಕಲಾಗಿ ಕಂಡಿತು. ಕಡ್ಡಿ ಮೊದಲು ಬಂದು, ಜನ ನೆರೆದ ಮೇಲೆ ಡಬ್ಬಿಯನ್ನು ಅದರ ಪಕ್ಕದಲ್ಲೇ ಇಟ್ಟಿದ್ದರೆ ಬೆಲೆ ಯಾಕೆ ಹೆಚ್ಚು ಎಂದು ಬಾಯಿಬಿಟ್ಟು ಹೇಳಬೇಕಿರಲಿಲ್ಲ.

ಇನ್ನೊಂದು ತೊಡಕು ಯಂತ್ರದ್ದು. ಅವರು ತೋರಿಸಿದ್ದು ನಮ್ಮ ಫೋನಿಗೆ ಹಲವು ಸೆಕೆಂಡು ತಡವಾಗಿ ಬರುತ್ತದೆ. ನಾವು ನೋಡಿ, ಟೈಪ್ ಮಾಡಿ, ಅವರು ಓದುವಷ್ಟರಲ್ಲಿ ಅರ್ಧ ನಿಮಿಷ ಕಳೆದಿರುತ್ತದೆ. “ಇದರ ರೇಟ್ ಎಷ್ಟ್ರಿ ಅಕ್ಕಾರ?” ಎಂದು ಬಂದಾಗ ಅವರ ಕೈಯಲ್ಲಿ ಬೇರೆಯದೇ ಇತ್ತು, ಅದರ ರೇಟನ್ನೇ ಹೇಳಿದರು. ರಾಣೆಬೆನ್ನೂರಿನ ಒಂದು ಸೀರೆ ಅಂಗಡಿಯ ಲೈವ್‌ನಲ್ಲಿ ಈ ಗೊಂದಲ ಇಲ್ಲ. ಪ್ರತಿ ಸೀರೆಗೂ ದೊಡ್ಡ ಅಂಕಿಯ ಚೀಟಿ ಪಿನ್ ಮಾಡಿರುತ್ತಾರೆ, “14 ಸೆರಗು ತೋರಿಸಿ” ಎಂದರೆ ಮುಗಿಯಿತು. ಫೇಸ್‌ಬುಕ್ ತನ್ನ ಲೈವ್ ಶಾಪಿಂಗ್ ವ್ಯವಸ್ಥೆಯನ್ನು 2022ರ ಅಕ್ಟೋಬರ್ 1ಕ್ಕೆ ನಿಲ್ಲಿಸಿತು, ಇನ್‌ಸ್ಟಾಗ್ರಾಂ 2023ರ ಮಾರ್ಚ್‌ನಲ್ಲಿ. ಈಗ ನಮ್ಮವರ ಬಳಿ ಇರುವುದು ಬರೀ ಲೈವ್, ಕಾಮೆಂಟು ಮತ್ತು ಆರ್ಡರಿಗೊಂದು ವಾಟ್ಸಾಪ್ ನಂಬರು. ಮಾಲನ್ನು ಗುರುತಿಸುವ ಕೆಲಸವನ್ನು ಆ ಚೀಟಿಯೇ ಮಾಡಬೇಕು. ಮೆಣಸಿನಕಾಯಿಗೆ ನಾಲ್ಕು ಬುಟ್ಟಿ, ನಾಲ್ಕು ಅಂಕಿ ಸಾಕು. ಬುಟ್ಟಿಗಳನ್ನು ಕೊನೆತನಕ ಮೇಜಿನ ಮೇಲಿಂದ ತೆಗೆಯಬಾರದು, ಅಷ್ಟೇ.

ಇನ್ನು ತೋರಿಸುವ ಬಗೆ. ಇಲ್ಲಿ ಆ ಅಕ್ಕನ ಬಗ್ಗೆ ನನಗೆ ಗೌರವವೂ ಇದೆ, ತಕರಾರೂ ಇದೆ. ಅವರು ಕಾಯಿಯನ್ನು ಬಿಳಿ ತಾಟಿನಲ್ಲಿ ಇಟ್ಟು ತೋರಿಸುತ್ತಾರೆ. ಇದು ಸಣ್ಣ ವಿಷಯವಲ್ಲ. ಫೋನಿನ ಕ್ಯಾಮೆರಾ ಬೆಳಕನ್ನು ತಾನೇ ಹೊಂದಿಸಿಕೊಂಡು ಕೆಂಪನ್ನು ಇನ್ನಷ್ಟು ಕೆಂಪಾಗಿಸುತ್ತದೆ. ತಾಟು ಬಿಳಿಯಾಗಿ ಕಂಡರೆ ಕಾಯಿಯ ಬಣ್ಣವನ್ನು ಒಂದಿಷ್ಟು ನಂಬಬಹುದು, ತಾಟೇ ಹಳದಿಯಾಗಿ ಕಂಡರೆ ಕಾಯಿಯ ಬಣ್ಣವೂ ಸುಳ್ಳು. ಗುಂಟೂರು ಕಾಯಿಯ ನುಣುಪು ಮೈಯನ್ನೂ ಬ್ಯಾಡಗಿಯ ಸುಕ್ಕನ್ನೂ ಅಕ್ಕಪಕ್ಕ ಹಿಡಿದು ತೋರಿಸಿದ್ದೂ ಚೆನ್ನಾಗಿತ್ತು. ಆದರೆ ಸುಕ್ಕುಗಟ್ಟುವ ಹೈಬ್ರಿಡ್ ಕಾಯಿಯೂ ಈಗ ಮಾರುಕಟ್ಟೆಗೆ ಬರುತ್ತದೆ. ಸುಕ್ಕು ಕಂಡಿತೆಂದು ಅದು 2011ರಲ್ಲಿ ಜಿಐ ಮಾನ್ಯತೆ ಪಡೆದ ತಳಿಯೇ ಎಂದು ಹೇಳಿದ್ದನ್ನು ನಾನು ಒಪ್ಪುವುದಿಲ್ಲ.

ತಕರಾರು ಹೆಚ್ಚಾದದ್ದು ಖಾರಪುಡಿಯಲ್ಲಿ. ಗಾಜಿನ ಲೋಟದ ನೀರಿಗೆ ಒಂದು ಚಮಚ ಪುಡಿ ಉದುರಿಸಿದರು. ಪುಡಿ ಮೇಲೆ ತೇಲಿ ನಿಧಾನವಾಗಿ ಇಳಿಯಿತು, ಬಣ್ಣದ ಗೆರೆ ಕಾಣಲಿಲ್ಲ. “ನೋಡ್ರಿ, ಬಣ್ಣಾ ಹಾಕಿಲ್ಲ” ಎಂದರು. ನೀರಿನಲ್ಲಿ ಕರಗುವ ಕೃತಕ ಬಣ್ಣ ಬೆರೆತಿದ್ದರೆ ಉದುರಿಸಿದ ಕೂಡಲೇ ಕೆಂಪು ಗೆರೆಗಳು ಕೆಳಗಿಳಿಯುತ್ತವೆ, ಇಟ್ಟಿಗೆ ಪುಡಿ ಇದ್ದರೆ ತಳದಲ್ಲಿ ಕೈಗೆ ಒರಟಾಗಿ ಸಿಗುತ್ತದೆ. ಅಲ್ಲಿಯವರೆಗೆ ಪರೀಕ್ಷೆ ಸರಿ. ಆದರೆ ಯುರೋಪಿನಲ್ಲಿ 2003ರಿಂದ ದೊಡ್ಡ ಗದ್ದಲವೆಬ್ಬಿಸಿದ ಸುಡಾನ್ ಬಣ್ಣ ನೀರಿಗೆ ಬಿಡುವುದೇ ಇಲ್ಲ, ಅದು ಎಣ್ಣೆಯಲ್ಲಿ ಕರಗುವಂಥದು. ಎಣ್ಣೆಯಲ್ಲಿ ಹಾಕಿ ನೋಡೋಣವೆಂದರೆ ಮೆಣಸಿನಕಾಯಿಯ ಸ್ವಂತ ಬಣ್ಣವೂ ಎಣ್ಣೆಗೇ ಬಿಡುತ್ತದೆ. ಅಂದರೆ ಲೋಟವೂ ಒಗ್ಗರಣೆ ಸೌಟೂ ಇದನ್ನು ಹೇಳಲಾರವು, ಪ್ರಯೋಗಾಲಯವೇ ಹೇಳಬೇಕು. “ನೀರಾಗ ಬಿಡೋ ಬಣ್ಣಾ ಇಲ್ಲ” ಎಂದು ಅವರು ಹೇಳಿದ್ದರೆ ಪೂರಾ ನಿಜವಾಗುತ್ತಿತ್ತು. ಅದಕ್ಕಿಂತ ಒಳ್ಳೆಯದು, ಎರಡನೇ ಬುಟ್ಟಿಯ ಕಾಯಿಯನ್ನು ನಮ್ಮೆದುರೇ ಮಿಕ್ಸಿಗೆ ಹಾಕಿ, ಪ್ಯಾಕೆಟ್ಟಿನ ಪುಡಿಯ ಪಕ್ಕದಲ್ಲಿ ಸುರಿಯುವುದು. ಅದರಿಂದ ಕಲಬೆರಕೆ ಇಲ್ಲವೆಂದು ಸಾಬೀತಾಗುವುದಿಲ್ಲ ನಿಜ. ಬಣ್ಣದ ವ್ಯತ್ಯಾಸ ಇದ್ದರೆ ಮಾತ್ರ ಬಚ್ಚಿಡಲು ಆಗುವುದಿಲ್ಲ. ಆಗ ಯಾರಾದರೂ ಕೇಳುತ್ತಾರೆ, ಉತ್ತರ ಕೊಡಬೇಕಾಗುತ್ತದೆ.

ಪ್ರಶ್ನೆಗಳು ಆ ರಾತ್ರಿ ಧಾರಾಳವಾಗಿ ಬಂದವು. ಅವರು ಓದಿದ್ದರಲ್ಲಿ ಹೆಚ್ಚಿನವು ರೇಟು, ಕೊರಿಯರು, ಫೋನ್‌ಪೇ. ಇವಕ್ಕೆ ಉತ್ತರವನ್ನು ಒಂದು ರಟ್ಟಿನ ಮೇಲೆ ಬರೆದು ಹಿಂದಿನ ಗೋಡೆಗೆ ತೂಗುಹಾಕಬಹುದಿತ್ತು. ಅದೇ ಮಾತನ್ನು ಹತ್ತಾರು ಸಲ ಹೇಳುವುದರಲ್ಲಿ ಕಾಲು ತಾಸು ಹೋಯಿತು. ನಡುವೆ ಒಬ್ಬರು “ಚೀಲದ ತಳದಾಗಿಂದ ತಗದು ತೋರ್ಸ್ರಿ” ಎಂದು ಮೂರು ಸಲ ಬರೆದರು. ಆ ಮೂರೂ ಸಲ ಸಾಲು ಮೇಲೆ ಸರಿದು ಮರೆಯಾಯಿತು. ಇಡೀ ಲೈವ್‌ನಲ್ಲಿ ಮಾರುಕಟ್ಟೆಯ ಅನುಭವ ಇದ್ದ ಪ್ರಶ್ನೆ ಅದೊಂದೇ. ಕಾಮೆಂಟು ಓದಲು ಪಕ್ಕದಲ್ಲಿ ಮನೆಯವರೊಬ್ಬರು ಕೂತಿದ್ದರೆ ಅದು ಕಳೆದುಹೋಗುತ್ತಿರಲಿಲ್ಲ.

ನಾನೂ ಆ ರಾತ್ರಿ ಕಡ್ಡಿ ಕಾಯಿ 2 ಕಿಲೋ ತರಿಸಿದೆ, ಕಿಲೋಗೆ 400 ರೂಪಾಯಿಯಂತೆ. ನಾಲ್ಕನೇ ದಿನ ಬಂತು. ಬಣ್ಣ ಲೈವ್‌ನಲ್ಲಿ ಕಂಡಂತೆಯೇ ಇತ್ತು, ವಾಸನೆಯೂ ಚೆನ್ನಾಗಿತ್ತು. ಒಂದನ್ನು ಬಾಗಿಸಿದೆ, ಮುರಿಯದೆ ಬಳುಕಿತು. ಕಿವಿಯ ಹತ್ತಿರ ಅಲ್ಲಾಡಿಸಿದೆ, ಬೀಜದ ಸದ್ದಿಲ್ಲ. ಚೆನ್ನಾಗಿ ಒಣಗಿದ ಕಾಯಿಯಲ್ಲಿ ನೂರಕ್ಕೆ ಹತ್ತು–ಹನ್ನೆರಡರಷ್ಟು ತೇವ ಇರುತ್ತದೆ, ಅಲ್ಲಾಡಿಸಿದರೆ ಬೀಜ ಗಲಗಲ ಎನ್ನುತ್ತದೆ. ಎರಡು ದಿನ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿ ತೂಗಿದೆ. 1 ಕಿಲೋ 820 ಗ್ರಾಂ. ಹೋದ 180 ಗ್ರಾಂ ನೀರಿಗೆ ನಾನು ಕೊಟ್ಟದ್ದು 72 ರೂಪಾಯಿ. ಇದು ಮೋಸ ಎಂದು ಹೇಳಲಾರೆ. ಕೋಲ್ಡ್ ಸ್ಟೋರೇಜಿನಿಂದ ತೆಗೆದ ಕಾಯಿ ಹೊರಗಿನ ಗಾಳಿಗೆ ಬಂದಾಗಲೂ ತೇವ ಎಳೆದು ಮೆತ್ತಗಾಗುತ್ತದೆ. ಆದರೆ ಅದನ್ನು ತಿಳಿಯುವ ಪರೀಕ್ಷೆಗೆ ಲೋಟ ಬೇಡ, ಎಣ್ಣೆ ಬೇಡ, ಮೈಕು ಒಂದಿದ್ದರೆ ಸಾಕು. ಬಣ್ಣವನ್ನು ಕ್ಯಾಮೆರಾ ತಿರುಚಬಹುದು, ಬೀಜದ ಸದ್ದು ಮಾತ್ರ ಹೆಚ್ಚು ಕೆಡದೆ ದಾಟಿ ಬರುತ್ತದೆ. ಇಷ್ಟು ಸಲೀಸಾದದ್ದನ್ನು ಯಾರೂ ಮಾಡದಿರುವುದು ನನಗೆ ಬೇಸರ.

ಮುಂದಿನ ಲೈವ್‌ಗೆ ಅರ್ಧ ತಾಸು ಮೊದಲೇ ವಾಟ್ಸಾಪ್‌ನಲ್ಲಿ ತೂಕದ ಫೋಟೋ ಕಳಿಸಿ ಬರೆದೆ: “ಅಕ್ಕಾರ, ಚೀಲದ ತಳದಾಗಿಂದ ನಾಕು ಕಾಯಿ ತಗದು ಮೈಕಿನ ಹತ್ರ ಅಲ್ಲಾಡ್ಸ್ರಿ.” ಉತ್ತರ ಬರಲಿಲ್ಲ. ಲೈವ್ ಶುರುವಾದಾಗ ಮೇಜಿನ ಮೇಲೆ ಬುಟ್ಟಿ ಇರಲಿಲ್ಲ, ಚೀಲವೇ ಬಂದಿತ್ತು. ಅವರು ಸೀರೆಯ ಸೆರಗು ಸಿಕ್ಕಿಸಿಕೊಂಡು ಮೊಣಕೈವರೆಗೆ ಕೈ ಇಳಿಸಿದರು, ಕೆಮ್ಮಿದರು, ಒಂದು ಹಿಡಿ ಮೇಲೆ ತಂದರು. ಎರಡು ಕಾಯಿ ಗಲಗಲ ಎಂದವು. ಮೂರನೆಯದು ಸುಮ್ಮನಿತ್ತು. ಅದನ್ನು ಕ್ಯಾಮೆರಾದ ಮುಂದೆ ಬಾಗಿಸಿ, “ಇದು ಇನ್ನಾ ಒಣಗಬೇಕ್ರಿ, ಈ ಚೀಲಕ್ಕ ಕಿಲೋಗೆ 30 ರೂಪಾಯಿ ಕಮ್ಮಿ” ಎಂದರು.