ಹದಿನಾರು ಮನೆಗಳ ಪಟ್ಟಿ

ಪುತ್ತೂರು, ಸುಳ್ಯ, ಕಡಬದ ಮೈದಾನಗಳಲ್ಲಿ ನಡೆಯುವ ಕಬಡ್ಡಿ ಪಂದ್ಯಾಟಗಳಂಥ, ಒಮ್ಮೆ ಸೋತ ತಂಡ ಹೊರಬೀಳುವ ನಾಕೌಟ್ ಸ್ಪರ್ಧೆಗೆ 11 ತಂಡಗಳು ಹೆಸರು ಕೊಟ್ಟಿವೆ ಎಂದು ಭಾವಿಸಿದರೆ, ಪಟ್ಟಿ ಬರೆಯುವವರ ಜಾಣ್ಮೆ ಅಲ್ಲಿಯೇ ಪರೀಕ್ಷೆಗೊಳಗಾಗುತ್ತದೆ. ಸುತ್ತಿನಿಂದ ಸುತ್ತಿಗೆ ಪಟ್ಟಿ ಸರಿಯಾಗಿ ಅರ್ಧವಾಗಬೇಕಾದುದರಿಂದ 4, 8, 16ರಂತೆ ಎರಡರ ಘಾತವೇ ಬೇಕು. ಆದ್ದರಿಂದ 16 ಮನೆಗಳನ್ನು ಬರೆದು, ತಂಡಗಳಿಗೆ ಬಲಾನುಕ್ರಮದ ಶ್ರೇಯಾಂಕ ಕೊಟ್ಟು, ಪ್ರತಿ ಜೋಡಿಯ ಶ್ರೇಯಾಂಕಗಳ ಮೊತ್ತ 17 ಆಗುವಂತೆ ಜೋಡಿಸಲಾಗುತ್ತದೆ.

12ರಿಂದ 16ರವರೆಗಿನ ಮನೆಗಳು ಖಾಲಿಯಿರುವುದರಿಂದ ಮೊದಲ ಐದು ಶ್ರೇಯಾಂಕಗಳಿಗೆ ಬೈ, ಅಂದರೆ ಆಡದೆಯೇ ಮುಂದಿನ ಸುತ್ತಿಗೆ ಪ್ರವೇಶ, ತಾನಾಗಿ ದೊರೆಯುತ್ತದೆ. 6–11, 7–10, 8–9 ಮಾತ್ರ ಆಡಿ, ಎಂಟು ತಂಡಗಳು ಉಳಿಯುತ್ತವೆ. ಎಂಟರ ಘಟ್ಟದಲ್ಲಿ ಮೊತ್ತ 9, ನಾಲ್ಕರಲ್ಲಿ 5 ಆಗುವಂತೆ 1, 8, 4, 5 ಮೇಲಿನ ಅರ್ಧದಲ್ಲೂ 2, 7, 3, 6 ಕೆಳಗಿನ ಅರ್ಧದಲ್ಲೂ ಇರುವುದರಿಂದ, ಮೊದಲೆರಡು ತಂಡಗಳು ಫೈನಲ್‌ಗೆ ಮುನ್ನ ಎದುರಾಗಲಾರವು.

ಮೊದಲ ಸುತ್ತಿನಲ್ಲಿಯೇ ಎಲ್ಲ ಬೈಗಳನ್ನು ಮುಗಿಸದೆ 11ರಲ್ಲಿ ಒಂದನ್ನಷ್ಟೇ ಕೂರಿಸಿದರೆ ಆರು, ಬಳಿಕ ಮೂರು ತಂಡಗಳು ಉಳಿದು, ಒಂದು ತಂಡ ಸೆಮಿಫೈನಲ್ ಆಡದೆಯೇ, ದಣಿಯದ ಮೈಯಲ್ಲಿ ಫೈನಲ್ ತಲುಪುತ್ತದೆ. ತಪ್ಪಿನ ಗುರುತು ಇದೇ. ಎರಡೂ ಕ್ರಮಗಳಲ್ಲಿ ಪಂದ್ಯಗಳು ಹತ್ತೇ, ಏಕೆಂದರೆ ಹತ್ತು ತಂಡಗಳು ಸೋಲಬೇಕು. ಆದರೆ ಶ್ರೇಯಾಂಕವೇ ತಪ್ಪಾಗಿದ್ದರೆ ಈ ಅಚ್ಚುಕಟ್ಟು ಜೋಡಣೆಯೂ ಬಲಿಷ್ಠರನ್ನು ಬೇಗನೆ ಎದುರುಬದುರು ನಿಲ್ಲಿಸಬಹುದು.