ಮುರಿದ ಕರಾರಿನ ಬೆಲೆ

ಗುರುಗುಂಟೆಯ ರೈತನೊಬ್ಬನು ಸಿಂಧನೂರಿನ ಅಕ್ಕಿಗಿರಣಿಯವನೊಡನೆ, ಕ್ವಿಂಟಲಿಗೆ 2,200 ರೂಪಾಯಿಯಂತೆ ನೂರು ಕ್ವಿಂಟಲ್ ಭತ್ತವನ್ನು ನಿಯತ ದಿನದಂದು ಒಪ್ಪಿಸಲು ಕರಾರು ಮಾಡಿಕೊಂಡನೆಂದೂ, ಆ ದಿನ ಧಾರಣೆ 1,950ಕ್ಕೆ ಇಳಿದುದನ್ನು ಕಂಡ ಗಿರಣಿಯವನು ಮಾಲನ್ನು ಕೊಳ್ಳಲೊಲ್ಲೆನೆಂದನೆಂದೂ ಭಾವಿಸೋಣ. 1872ರ ಭಾರತೀಯ ಕರಾರು ಅಧಿನಿಯಮದ 73ನೆಯ ಕಲಮು ಇಲ್ಲಿ ಕೇಳುವ ಪ್ರಶ್ನೆ ಒಂದೇ: ಕರಾರು ನೆರವೇರಿದ್ದರೆ ರೈತನು ಯಾವ ಸ್ಥಿತಿಯಲ್ಲಿರುತ್ತಿದ್ದನು? ಉತ್ತರವು ಕ್ವಿಂಟಲಿಗೆ 250ರಂತೆ 25,000 ರೂಪಾಯಿ, ಇದೇ ನಷ್ಟಪರಿಹಾರ. ಅಳತೆಯ ದಿನವು ಭಂಗವಾದ ದಿನವೇ ಹೊರತು ರೈತನು ಕಡೆಗೆ ಮಾರಿದ ದಿನವಲ್ಲ. ಧಾರಣೆ ಏರೀತೆಂದು ಮೂರು ತಿಂಗಳು ಕಾದು 1,700ಕ್ಕೆ ಮಾರಿದರೆ, ಹೆಚ್ಚಿನ ನಷ್ಟವು ಅವನದೇ. ತಪ್ಪಿಸಿಕೊಳ್ಳಲು ಸಾಧ್ಯವಿದ್ದ ಹಾನಿಯನ್ನು ಕಾನೂನು ಎದುರಾಳಿಯ ಲೆಕ್ಕಕ್ಕೆ ಹಚ್ಚುವುದಿಲ್ಲ. ಆ ಹಣವನ್ನೇ ನಂಬಿ ನಿಶ್ಚಯಿಸಿದ್ದ ಟ್ರ್ಯಾಕ್ಟರಿನ ಖರೀದಿ ಮುರಿದು ಮುಂಗಡ ಮುಳುಗಿತೆಂಬ ಬೇಡಿಕೆಯಾದರೋ, ಆ ಸಂಗತಿ ಕರಾರಿನ ಸಮಯದಲ್ಲಿ ಗಿರಣಿಯವನಿಗೆ ತಿಳಿದಿತ್ತೆಂದು ರುಜುವಾದಲ್ಲದೆ ನಿಲ್ಲದು. ಈ ಅಳತೆ ನ್ಯಾಯವಾದುದೇ. ಆದರೆ ಪೇಟೆಯ ವ್ಯವಹಾರವೆಲ್ಲ ತುಂಡು ಚೀಟಿಗಳಲ್ಲಿಯೂ ಬಾಯಿಮಾತಿನಲ್ಲಿಯೂ ನಡೆಯುವೆಡೆ, ಅದು ಕಾಗದವಿಟ್ಟವನಿಗೇ ಒಲಿಯುತ್ತದೆ.

ಆ ದಿನದ ಧಾರಣೆಯೇ 2,300 ಆಗಿದ್ದು, ರೈತನು ಬೇರೊಬ್ಬನಿಗೆ ಲಾಭಕ್ಕೆ ಮಾರಿದನೆನ್ನಿ. ಭಂಗವು ಭಂಗವೇ, ನಷ್ಟ ಮಾತ್ರ ಇಲ್ಲ. ಇಂತಲ್ಲಿ ನ್ಯಾಯಾಲಯವು ಹಕ್ಕು ಮುರಿದುದನ್ನು ಒಪ್ಪಿ, ಅತ್ಯಲ್ಪ ಮೊತ್ತವೊಂದನ್ನು ನಾಮಮಾತ್ರವಾಗಿ ವಿಧಿಸಬಹುದು. ನಷ್ಟವಾಗಿಯೂ ಅದರ ಮೊತ್ತವನ್ನು ಸಾಕ್ಷ್ಯದಿಂದ ತೋರಿಸಲಾರದವನಿಗೂ ಅನೇಕ ವೇಳೆ ದೊರೆಯುವುದು ಇದೇ. ಲಾಭ ಪಡೆದವನನ್ನೂ ಪುರಾವೆಯಿಲ್ಲದೆ ನಷ್ಟಪಟ್ಟವನನ್ನೂ ಒಂದೇ ಸಾಲಿನಲ್ಲಿ ಕುಳ್ಳಿರಿಸುವ ಈ ರೂಢಿ ನನಗೆ ರುಚಿಸದು.

ಗಿರಣಿಯವನು ಬೇಕೆಂದೇ ಮಾತು ಮುರಿದನೆಂಬ ಕೋಪಕ್ಕಾದರೋ ಕರಾರಿನ ಕಾನೂನಿನಲ್ಲಿ ಸಾಮಾನ್ಯವಾಗಿ ಎಡೆಯಿಲ್ಲ. ದಂಡರೂಪದ ಪರಿಹಾರವು ಅಪಕೃತ್ಯದ ವ್ಯಾಜ್ಯಗಳಿಗೆ ಸೇರಿದುದು. 1964ರ ರೂಕ್ಸ್ ವಿರುದ್ಧ ಬಾರ್ನಾರ್ಡ್ ಮೊಕದ್ದಮೆಯಲ್ಲಿ ಇಂಗ್ಲೆಂಡಿನ ಪ್ರಭುಸಭೆಯು, ಶಾಸನವೇ ಅನುಮತಿಸಿದ ಸಂದರ್ಭವನ್ನು ಬಿಟ್ಟರೆ, ಅದನ್ನು ಸರ್ಕಾರಿ ನೌಕರರ ದಬ್ಬಾಳಿಕೆಗೂ, ತೆರಬೇಕಾದ ಪರಿಹಾರಕ್ಕಿಂತ ಲಾಭವೇ ಹೆಚ್ಚೆಂದು ಎಣಿಸಿ ಮಾಡಿದ ಅಪರಾಧಕ್ಕೂ ಮಿತಗೊಳಿಸಿತು. ನಮ್ಮಲ್ಲಿ, 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದ ಬೆಂಕಿಯಲ್ಲಿ ಐವತ್ತೊಂಬತ್ತು ಮಂದಿ ಸತ್ತ ಪ್ರಕರಣದಲ್ಲಿ ಹೈಕೋರ್ಟು ಎರಡೂವರೆ ಕೋಟಿ ರೂಪಾಯಿಯ ದಂಡಪರಿಹಾರವನ್ನು ವಿಧಿಸಿದ್ದರೆ, 2011ರಲ್ಲಿ ಸುಪ್ರೀಂ ಕೋರ್ಟು ಅಲ್ಲಿ ಹೆಚ್ಚಿಗೆ ಹಾಕಿದ್ದ ಅನಧಿಕೃತ ಆಸನಗಳಿಂದ ಮಾಲೀಕರಿಗೆ ಬಂದ ಆದಾಯದ ಲೆಕ್ಕವನ್ನು ಮತ್ತೆ ತೂಗಿ ಅದನ್ನು ಇಪ್ಪತ್ತೈದು ಲಕ್ಷಕ್ಕೆ ಇಳಿಸಿತು. ಲೆಕ್ಕದ ಶುದ್ಧಿಯನ್ನು ಮೆಚ್ಚಬೇಕು. ಆದರೆ ಅಪರಾಧಿಯು ಗಳಿಸಿದುದನ್ನಷ್ಟೇ ಹಿಂದಕ್ಕೆ ಪಡೆದರೆ, ಅದರಲ್ಲಿ ದಂಡದ ಪಾಲೆಷ್ಟೆಂಬುದಕ್ಕೆ ಆ ತೀರ್ಪಿನಲ್ಲಿ ನನಗೆ ಸಮಾಧಾನ ದೊರೆಯದು.