ಗುಂಪು ತಪ್ಪಿದ ಪ್ರಿಪೊಸಿಷನ್‌ಗಳು

ಕನ್ನಡ ಮನೆಮಾತಿನ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ಹೀಗೊಂದು ವಾಕ್ಯ ಬರೆದಾನು: ‘ವಿ ಡಿಸ್ಕಸ್ಡ್ ಅಬೌಟ್ ದ ಮಾರ್ಕ್ಸ್, ಸರ್ ಗಾಟ್ ಆ್ಯಂಗ್ರಿ ಆನ್ ಮಿ, ಬಿಕಾಸ್ ಐ ಆ್ಯಮ್ ನಾಟ್ ಗುಡ್ ಇನ್ ಗ್ರಾಮರ್.’ ಇಲ್ಲಿ ಮೂರು ತಪ್ಪುಗಳಿವೆ, ಮೂರೂ ಒಂದೇ ದಾರಿಯಿಂದ ಬಂದಿವೆ. ಅಂಕಗಳ ಬಗ್ಗೆ ಚರ್ಚಿಸಿದೆವು, ನನ್ನ ಮೇಲೆ ಕೋಪ ಬಂತು, ವ್ಯಾಕರಣದಲ್ಲಿ ಹಿಂದೆ ಎಂಬ ಕನ್ನಡದ ಜೋಡಣೆಯೇ ಇಂಗ್ಲಿಷಿಗೆ ಇಳಿದಿದೆ. ಹುಡುಗ ಮನಬಂದಂತೆ ಬರೆದಿಲ್ಲ, ತನ್ನ ಭಾಷೆಯ ನಿಯಮವನ್ನು ನಿಷ್ಠೆಯಿಂದ ಪಾಲಿಸಿದ್ದಾನೆ. ಕ್ರಿಯಾಪದವೂ ಗುಣವಾಚಕವೂ ತಮಗೆ ಬೇಕಾದ ಪ್ರಿಪೊಸಿಷನ್ನನ್ನು ತಾವೇ ಕೇಳುತ್ತವೆ ಎಂಬುದು ಅವನಿಗೆ ಹೊಸತೇನಲ್ಲ. ಕನ್ನಡದಲ್ಲೂ ನಾವು ಹಾವಿಗೆ ಹೆದರುತ್ತೇವೆ, ಮಗುವನ್ನು ಪ್ರೀತಿಸುತ್ತೇವೆ, ವಿಭಕ್ತಿ ಅದಲುಬದಲಾದರೆ ಕಿವಿಗೆ ಒಗ್ಗುವುದಿಲ್ಲ. ಅವನಿಗೆ ತಿಳಿಯಬೇಕಾದದ್ದು ಯಾವ ಕಡೆ ಎರಡು ಭಾಷೆಗಳ ದಾರಿ ಬೇರೆಯಾಗುತ್ತದೆ ಎಂಬುದು.

ನಮ್ಮ ಶಾಲೆಗಳು ತಲೆಮಾರುಗಳಿಂದ ನೆಚ್ಚಿರುವ ರೆನ್ ಮತ್ತು ಮಾರ್ಟಿನ್ ವ್ಯಾಕರಣ ಈ ಕೆಲಸ ಮಾಡುವುದಿಲ್ಲ. ನಾಮಪದ, ಗುಣವಾಚಕ, ಕ್ರಿಯಾಪದಗಳನ್ನು ಬೇರ್ಪಡಿಸಿ, ಪ್ರತಿ ಪ್ರಿಪೊಸಿಷನ್ನಿನ ಕೆಳಗೆ ಪದಗಳನ್ನು ಅಕಾರಾದಿಯಾಗಿ ಅದು ಜೋಡಿಸುತ್ತದೆ. ಹೀಗಾಗಿ ‘ಟು’ ಪಟ್ಟಿಯಲ್ಲಿ ಅಕಸ್ಟಮ್ಡ್ ಮತ್ತು ಅಡ್ಜಸೆಂಟ್ ಹತ್ತಿರ ಹತ್ತಿರ ಬರುತ್ತವೆ. ಅಭ್ಯಾಸಕ್ಕೂ ಪಕ್ಕದ ಜಾಗಕ್ಕೂ ಇರುವ ನಂಟು ಮೊದಲ ಅಕ್ಷರವೊಂದೇ. ಸಂದೇಹ ಬಂದಾಗ ತೆರೆದು ನೋಡಲು ಇಂಥ ಪಟ್ಟಿ ಒಳ್ಳೆಯದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕಲಿಸುವ ಕ್ರಮವಾಗಿ ಅದರಲ್ಲಿ ದೊಡ್ಡದೊಂದು ಕೊರತೆಯಿದೆ: ಯಾವ ಪ್ರಿಪೊಸಿಷನ್ನೂ ಬೇಡದ ಕ್ರಿಯಾಪದಕ್ಕೆ ಅಲ್ಲಿ ಜಾಗವೇ ಇಲ್ಲ. ಡಿಸ್ಕಸ್, ಮ್ಯಾರಿ, ರಿಸೆಂಬಲ್, ಎಂಟರ್ ಇವು ನೇರವಾಗಿ ಕರ್ಮವನ್ನೇ ಹಿಡಿಯುತ್ತವೆ. ಕನ್ನಡದಲ್ಲಿ ನಾವು ಒಬ್ಬರ ಬಗ್ಗೆ ಚರ್ಚಿಸುತ್ತೇವೆ, ಒಬ್ಬರ ಜೊತೆ ಮದುವೆಯಾಗುತ್ತೇವೆ, ತಾಯಿಯಂತೆ ಕಾಣುತ್ತೇವೆ, ಕೋಣೆಯೊಳಗೆ ಹೋಗುತ್ತೇವೆ. ನಮ್ಮವರು ಹೆಚ್ಚು ಎಡವುವ ಜಾಗವೇ ಪಟ್ಟಿಯಿಂದ ಬಿಟ್ಟುಹೋಗಿದೆ.

ರೇಮಂಡ್ ಮರ್ಫಿಯ ‘ಇಂಗ್ಲಿಷ್ ಗ್ರಾಮರ್ ಇನ್ ಯೂಸ್’ ಇದಕ್ಕಿಂತ ಒಂದು ಹೆಜ್ಜೆ ಮುಂದಿದೆ. ಗುಣವಾಚಕಗಳ ಮೊದಲ ಪಾಠದಲ್ಲಿ ಅದು ಕೋಪ, ಸಂತೋಷ, ಅಚ್ಚರಿಯಂಥ ಭಾವಗಳನ್ನು ಒಟ್ಟಿಗೆ ತರುತ್ತದೆ. ಆ್ಯಂಗ್ರಿ ಎಂಬುದಕ್ಕೆ ವ್ಯಕ್ತಿಯಾದರೆ ‘ವಿತ್’, ಕಾರಣವಾದರೆ ‘ಅಬೌಟ್’ ಎಂದು ಬಿಡಿಸಿ ತೋರಿಸುತ್ತದೆ. ಈ ಬಗೆ ಹೆಚ್ಚು ಫಲ ಕೊಡುತ್ತದೆ, ಏಕೆಂದರೆ ಒಂದು ಅರ್ಥ ಗೊತ್ತಾದರೆ ನಾಲ್ಕಾರು ಪದಗಳು ಒಟ್ಟಿಗೆ ಕೈಗೆ ಬರುತ್ತವೆ. ಜಾಣತನ, ದಡ್ಡತನ ಹೇಳುವ ಗುಡ್, ಬ್ಯಾಡ್, ಬ್ರಿಲಿಯಂಟ್, ಹೋಪ್‌ಲೆಸ್ ಎಲ್ಲವೂ ‘ಆ್ಯಟ್’ ಕೇಳುತ್ತವೆ. ಆಸರೆ, ನಂಬಿಕೆ ಹೇಳುವ ಡಿಪೆಂಡ್, ರಿಲೈ, ಕೌಂಟ್, ಬ್ಯಾಂಕ್ ಎಲ್ಲವೂ ‘ಆನ್’ ಕೇಳುತ್ತವೆ. ಈ ಎರಡನೆಯ ಗುಂಪಿನಲ್ಲಿ ನಮ್ಮ ‘ಮೇಲೆ’ ನೆರವಿಗೇ ಬರುತ್ತದೆ: ಮಳೆಯ ಮೇಲೆ ಅವಲಂಬನೆ, ಅವನ ಮೇಲೆ ಭರವಸೆ. ಆದರೆ ಅದೇ ‘ಮೇಲೆ’ ಕೋಪದ ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ಆದ್ದರಿಂದ ಅರ್ಥದ ಗುಂಪಿನೊಳಗೆ ಇನ್ನೊಂದು ಗೆರೆ ಬೇಕು. ಕನ್ನಡ ಕೈಹಿಡಿಯುವ ಪದಗಳು ಗೆರೆಯ ಒಂದು ಕಡೆ, ಕೈಬಿಡುವವು ಇನ್ನೊಂದು ಕಡೆ ಇರಬೇಕು. ಲೋಕದ ಎಲ್ಲ ಭಾಷಿಕರಿಗೂ ಬರೆದ ಪುಸ್ತಕ ಈ ಗೆರೆಯನ್ನು ಎಳೆಯಲಾರದು. ಕನ್ನಡ ಬಲ್ಲ ಮೇಷ್ಟರು ಎಳೆಯಬಲ್ಲರು.

ಪ್ರಿಪೊಸಿಷನ್‌ಗಳು ರೂಢಿಯವು, ಅರ್ಥದ ಗುಂಪು ನಾವು ಹೊರಿಸುವ ಕಟ್ಟು ಮಾತ್ರ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿದೆ. ಗುಡ್, ಬ್ಯಾಡ್ ‘ಆ್ಯಟ್’ ಕೇಳಿದರೂ ಫ್ಲುಯೆಂಟ್, ಎಕ್ಸ್‌ಪೀರಿಯೆನ್ಸ್ಡ್ ‘ಇನ್’ ಕೇಳುತ್ತವೆ; ವೀಕ್ ಇನ್ ಮ್ಯಾತ್ಸ್ ಎಂದರೂ ತಪ್ಪಲ್ಲ. ಅಫ್ರೇಡ್ ‘ಆಫ್’ ಬೇಡುತ್ತದೆ, ವರೀಡ್ ‘ಅಬೌಟ್’ ಬೇಡುತ್ತದೆ, ಭಯವೂ ಚಿಂತೆಯೂ ಎಷ್ಟೇ ಹತ್ತಿರವಿದ್ದರೂ. ಆದರೆ ಅಪವಾದ ಅಪವಾದವಾಗಿ ಕಾಣಬೇಕಾದರೆ ಹಿನ್ನೆಲೆಯಲ್ಲಿ ಒಂದು ಗುಂಪು ಇರಲೇಬೇಕು. ಅಕಾರಾದಿ ಪಟ್ಟಿಯಲ್ಲಿ ಪ್ರತಿ ಪದವೂ ಒಂದೊಂದು ಅಪವಾದವೇ. ಹತ್ತಿರದ ಅರ್ಥಗಳನ್ನು ಒಟ್ಟಿಗೆ ಕಲಿಸಿದರೆ ಕಲಸುಮೇಲೋಗರವಾಗುತ್ತದೆ ಎಂಬ ಇನ್ನೊಂದು ಮಾತನ್ನೂ ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ರಿಲೈ ಮತ್ತು ಡಿಪೆಂಡ್ ಮನಸ್ಸಿನಲ್ಲಿ ಬೆರೆತರೆ ನಷ್ಟವಿಲ್ಲ, ಎರಡಕ್ಕೂ ಬರುವುದು ‘ಆನ್’. ಆದರೆ ಆ್ಯಂಗ್ರಿ ವಿತ್, ಆ್ಯಂಗ್ರಿ ಅಬೌಟ್, ಆ್ಯಂಗ್ರಿ ಆ್ಯಟ್ ಮೂರನ್ನೂ ಒಂದೇ ದಿನ ಕಲಿಸಿದರೆ ಮರುದಿನ ಯಾವುದು ಎಲ್ಲಿಗೆ ಎಂದು ಮಗುವಿಗೆ ನೆನಪಿರುವುದಿಲ್ಲ. ಮರ್ಫಿಯ ಪಾಠ ಸೋಲುವುದು ಇಲ್ಲಿಯೇ. ಮೊದಲು ವ್ಯಕ್ತಿಯ ಜೊತೆಗಿನ ‘ವಿತ್’ ಗಟ್ಟಿಯಾಗಲಿ, ಕಾರಣದ ‘ಅಬೌಟ್’ ವಾರ ಕಳೆದು ಬರಲಿ.

ಇಂಗ್ಲಿಷ್ ಕಲಿಸುವವರಲ್ಲಿ ನನ್ನ ಕೋರಿಕೆ ಇಷ್ಟೆ: ಮುಂದಿನ ಸಲ ಈ ಪಾಠಕ್ಕೆ ಬಂದಾಗ ಪುಸ್ತಕದ ಪಟ್ಟಿಯನ್ನು ಬದಿಗಿಟ್ಟು, ಮಕ್ಕಳ ಉತ್ತರಪತ್ರಿಕೆಗಳಿಂದ ‘ಬಗ್ಗೆ’, ‘ಮೇಲೆ’, ‘ಅಲ್ಲಿ’, ‘ಜೊತೆ’ಗಳಿಂದ ಹುಟ್ಟಿದ ತಪ್ಪುಗಳನ್ನು ಹೆಕ್ಕಿ, ಡಿಸ್ಕಸ್‌ನಿಂದ ಪಾಠ ಶುರು ಮಾಡಿ.